ಕೋಡ್ ಬರೆಯುವ ಮೊದಲು ಕಾಗದದ ಮೇಲೆ: ಅಡಿಕೆ ತೋಟದ ಒಂದು ಆ್ಯಪ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಕೊಳೆರೋಗದ ಮದ್ದು ಹೊಡೆಯುವವರೂ ಕೊಯ್ಲಿಗೆ ಅಡಿಕೆಯ ಗೊನೆ, ಅಂದರೆ ಕೊನೆ, ಇಳಿಸುವವರೂ ಕೊನೆಗೌಡರೇ. ಅವರನ್ನು ಮೊಬೈಲಿನಲ್ಲಿ ಹುಡುಕಿ ದಿನ ಗೊತ್ತುಮಾಡಿಕೊಳ್ಳುವ ಆ್ಯಪ್ ಒಂದನ್ನು ಮಾಡಬೇಕೆಂದು ನಾನು ಮತ್ತು ನನ್ನ ಗೆಳೆಯ ಹೊರಟಿದ್ದೆವು. ಇಬ್ಬರೂ ಸಾಫ್ಟ್‌ವೇರ್ ಕೆಲಸದವರಾದ್ದರಿಂದ ಮೊದಲ ದಿನವೇ ಲ್ಯಾಪ್‌ಟಾಪ್ ತೆರೆಯುವ ಆತುರವಿತ್ತು. ಅದನ್ನು ತಡೆದುಕೊಂಡು ಆರು ಮಂದಿ ತೋಟದವರನ್ನೂ ಮೂವರು ಕೊನೆಗೌಡರನ್ನೂ ಭೇಟಿಯಾಗಿ ಮಾತನಾಡಿದೆವು, ಕಾಗದದ ಮೇಲೆ ಬರೆದ ಪರದೆಗಳನ್ನು ಅವರ ಕೈಗೆ ಕೊಟ್ಟು ನೋಡಿದೆವು. ಆಮೇಲೆ ಈ ಕ್ರಮದ ಬಗ್ಗೆ ನಮ್ಮನ್ನು ಕೇಳಿದವರ ಪ್ರಶ್ನೆಗಳಿಗೆ ಅದೇ ಅನುಭವವನ್ನು ಮುಂದಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಕಾಗದ ಮತ್ತು ಮಾತುಕತೆಯಿಂದ ನಿಜವಾಗಿ ಏನನ್ನು ಪರೀಕ್ಷಿಸುತ್ತೇವೆ?

ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ, ಅವೆರಡನ್ನೂ ಬೆರೆಸಿದರೆ ಒಂದೂ ಸರಿಯಾಗಿ ಆಗುವುದಿಲ್ಲ. ನಾವು ಊಹಿಸಿಕೊಂಡ ತೊಂದರೆ ಜನರಿಗೆ ನಿಜವಾಗಿಯೂ ಇದೆಯೇ ಎಂಬುದು ಮಾತುಕತೆಯಿಂದ ತಿಳಿಯುತ್ತದೆ. ಆ ತೊಂದರೆಗೆ ನಾವು ಹೂಡಿದ ಪರಿಹಾರ ಅವರಿಗೆ ಅರ್ಥವಾಗುತ್ತದೆಯೇ, ಅವರ ದಿನಚರಿಯಲ್ಲಿ ಕೂರುತ್ತದೆಯೇ ಎಂಬುದು ಕಾಗದದ ಚಿತ್ರದಿಂದ ತಿಳಿಯುತ್ತದೆ.

ಆದ್ದರಿಂದ ಮನೆಯಿಂದ ಹೊರಡುವ ಮೊದಲು ನಮ್ಮ ನಂಬಿಕೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಸುಳ್ಳಾದರೆ ಇಡೀ ಯೋಜನೆಯೇ ಬಿದ್ದುಹೋಗುವಂಥವನ್ನು ಮಾತ್ರ ಬರೆದರೆ ಸಾಕು. ನಮ್ಮ ಹಾಳೆಯಲ್ಲಿ ಮೂರೇ ಸಾಲುಗಳಿದ್ದವು: ತೋಟದವರಿಗೆ ಕೊನೆಗೌಡರು ಸಿಗುವುದು ಕಷ್ಟವಾಗಿದೆ, ಕೊನೆಗೌಡರಿಗೆ ಹೊಸ ಗಿರಾಕಿಗಳು ಬೇಕಾಗಿದ್ದಾರೆ, ಕೆಲಸದ ದಿನ ಇಬ್ಬರ ಬಳಿಯೂ ಫೋನ್ ಇರುತ್ತದೆ. ಪ್ರತಿ ಸಾಲಿನ ಎದುರು, ಏನು ಕೇಳಿಬಂದರೆ ಅದನ್ನು ಕೈಬಿಡುತ್ತೇವೆ ಎಂಬುದನ್ನೂ ಆಗಲೇ ಬರೆದಿಟ್ಟೆವು. ಉದಾಹರಣೆಗೆ, ಮೊದಲ ಸಾಲಿನ ಎದುರು 'ಆರರಲ್ಲಿ ನಾಲ್ವರು ಹಲವು ವರ್ಷಗಳಿಂದ ಒಬ್ಬರನ್ನೇ ಕರೆಯುತ್ತಿದ್ದರೆ ಇದು ಸುಳ್ಳು' ಎಂದಿತ್ತು. ಉತ್ತರಗಳು ಬಂದ ಮೇಲೆ ಗೆರೆ ಎಳೆಯಲು ಹೋದರೆ ಗೆರೆ ಯಾವಾಗಲೂ ನಮಗೆ ಬೇಕಾದ ಕಡೆಗೇ ಬಾಗುತ್ತದೆ.

ಆರೇಳು ಜನರನ್ನು ಕೇಳಿದರೆ ಸಾಕೇ? ನೂರು ಜನರಿಗೆ ಗೂಗಲ್ ಫಾರ್ಮ್ ಕಳಿಸುವುದು ಒಳ್ಳೆಯದಲ್ಲವೇ?

ಐದು ಜನ ಸಾಕು ಎಂಬ ಮಾತಿನ ಹಿಂದೆ ಒಂದು ಲೆಕ್ಕವಿದೆ. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಂಡಿಸಿದ ಲೆಕ್ಕವನ್ನು ಆಧರಿಸಿ ನೀಲ್ಸನ್ 2000ದಲ್ಲಿ ಹೇಳಿದ್ದು ಇಷ್ಟು: ಒಬ್ಬ ಬಳಕೆದಾರನನ್ನು ಕೂರಿಸಿ ನೋಡಿದರೆ ವಿನ್ಯಾಸದಲ್ಲಿರುವ ತೊಡಕುಗಳಲ್ಲಿ ಸರಾಸರಿ ಶೇಕಡಾ 31ರಷ್ಟು ಕಣ್ಣಿಗೆ ಬೀಳುತ್ತವೆ, ಎರಡನೆಯವನು ತೋರಿಸುವುದರಲ್ಲಿ ಒಂದಷ್ಟು ಹಳೆಯವೇ ಇರುತ್ತವೆ, ಹೀಗೆ ಐದನೆಯವನ ಹೊತ್ತಿಗೆ ಸುಮಾರು ಶೇಕಡಾ 85ರಷ್ಟು ಹೊರಬಂದಿರುತ್ತವೆ. ಮತ್ತೆ ಹತ್ತು ಜನರನ್ನು ಕೂರಿಸುವ ಬದಲು ಚಿತ್ರವನ್ನು ತಿದ್ದಿ ಹೊಸ ಐವರನ್ನು ಕೂರಿಸುವುದು ಲಾಭ.

ಆದರೆ ಈ ಲೆಕ್ಕ ತೊಡಕುಗಳನ್ನು ಹುಡುಕುವುದಕ್ಕೆ ಸಂಬಂಧಿಸಿದ್ದು. ಎಷ್ಟು ಜನ ಕೊಳ್ಳುತ್ತಾರೆ ಎಂಬುದನ್ನು ಐದು ಜನರಿಂದ ಅಳೆಯಲಾಗದು, 'ಐವರಲ್ಲಿ ನಾಲ್ವರು ಒಪ್ಪಿದರು, ಆದ್ದರಿಂದ ಶೇಕಡಾ 80ರಷ್ಟು ತೋಟದವರು ಬಳಸುತ್ತಾರೆ' ಎಂದು ಬರೆಯುವವರು ತಮ್ಮನ್ನೇ ಮೋಸಪಡಿಸಿಕೊಳ್ಳುತ್ತಾರೆ. ಜೊತೆಗೆ, ಐದು ಎಂಬುದು ಒಂದು ಬಗೆಯ ಬಳಕೆದಾರರಿಗೆ ಹೇಳಿದ ಸಂಖ್ಯೆ. ತೋಟದವರು ಮತ್ತು ಕೊನೆಗೌಡರು ಎರಡು ಬೇರೆ ಬಗೆಯವರು. ನಮಗೆ ಮೂವರು ಕೊನೆಗೌಡರಷ್ಟೇ ಸಿಕ್ಕಿದ್ದು ಕೊರತೆಯೇ.

ಗೂಗಲ್ ಫಾರ್ಮ್ ಬಗ್ಗೆ ಹೇಳುವುದಾದರೆ, ಏನು ಕೇಳಬೇಕೆಂದು ಗೊತ್ತಾದ ಮೇಲೆ ಅದು ಉಪಯೋಗಕ್ಕೆ ಬರುತ್ತದೆ. ನಾವು ಮೊದಲೇ ಫಾರ್ಮ್ ಮಾಡಿದ್ದರೆ 'ಕೊನೆಗೌಡರು ಸಿಗುವುದು ಕಷ್ಟವೇ?' ಎಂದು ಕೇಳಿರುತ್ತಿದ್ದೆವು, ಎಲ್ಲರೂ 'ಹೌದು' ಎಂದು ಒತ್ತಿರುತ್ತಿದ್ದರು, ನಾವು ತಪ್ಪಾದ ಆ್ಯಪ್ ಮಾಡಿರುತ್ತಿದ್ದೆವು. ಆ 'ಹೌದು' ಏಕೆ ತಪ್ಪುದಾರಿಗೆ ಎಳೆಯುತ್ತಿತ್ತು ಎಂಬುದು ಮುಂದೆ ಬರುತ್ತದೆ.

ಯಾರನ್ನು ಆರಿಸಿಕೊಳ್ಳಬೇಕು? ನೆಂಟರಿಷ್ಟರನ್ನು ಕೇಳಬಹುದೇ?

ನೆಂಟರನ್ನು ಬಿಡಬೇಕು ಎಂಬುದು ಎಲ್ಲರೂ ಕೊಡುವ ಸಲಹೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಊರುಗಳಲ್ಲಿ ಎರಡು ಕವಳ ಹಾಕುವಷ್ಟರಲ್ಲಿ ಯಾವುದಾದರೂ ಸಂಬಂಧ ಹೊರಬರುತ್ತದೆ, ಹಾಗಾಗಿ ನೆಂಟರೇ ಅಲ್ಲದವರನ್ನು ಹುಡುಕುವುದು ಇಲ್ಲಿ ಒಂದು ಪ್ರತ್ಯೇಕ ಯೋಜನೆಯೇ ಆದೀತು. ನಾವು ಇಟ್ಟುಕೊಂಡ ನಿಯಮ ಇದು: ನಮ್ಮನ್ನು ಮೆಚ್ಚಿಸಬೇಕಾದ ಹಂಗು ಇಲ್ಲದವರಾಗಿರಬೇಕು ಮತ್ತು ಹಿಂದಿನ ಮಳೆಗಾಲದಲ್ಲಿ ಹೊರಗಿನವರನ್ನು ಕರೆಸಿ ಮದ್ದು ಹೊಡೆಸಿದವರಾಗಿರಬೇಕು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ತಾವೇ ದೋಟಿ ಹಿಡಿದು ಮದ್ದು ಹೊಡೆದುಕೊಳ್ಳುವವರ ಅಭಿಪ್ರಾಯ ಎಷ್ಟೇ ಸೊಗಸಾಗಿದ್ದರೂ ನಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಜಾಗವನ್ನೂ ಹಂಚಿಕೊಂಡೆವು. ಹುಲೇಕಲ್ ಮತ್ತು ವಾನಳ್ಳಿ ಕಡೆಯ ಕಣಿವೆಯೊಳಗಿನ ಹಳೆಯ ತೋಟಗಳಿಂದ ನಾಲ್ವರು, ಬನವಾಸಿ ಕಡೆ ಗದ್ದೆ ತೆಗೆದು ಅಡಿಕೆ ಹಾಕಿದವರಲ್ಲಿ ಇಬ್ಬರು. ಭೇಟಿಗೆ ಆರಿಸಿಕೊಂಡ ಕಾಲ ಮಳೆ ಬಿಟ್ಟು ಕೊಯ್ಲು ಇನ್ನೂ ಆರಂಭವಾಗದ ನಡುವಿನ ದಿನಗಳು. ಮದ್ದಿನ ನೆನಪು ಆಗ ಹಸಿಯಾಗಿರುತ್ತದೆ ಮತ್ತು ಕುಳಿತು ಮಾತನಾಡುವಷ್ಟು ವ್ಯವಧಾನವೂ ಇರುತ್ತದೆ. ಮದ್ದು ಹೊಡೆಯುವ ದಿನವೇ ಹೋಗಿ ಕೊನೆಗೌಡರನ್ನು ಮರದಿಂದ ಇಳಿಸಿ ಪ್ರಶ್ನೆ ಕೇಳುವವರಿಗೆ ಉತ್ತರ ಸಿಗುವುದಿಲ್ಲ, ಬೈಗುಳ ಸಿಗುತ್ತದೆ.

ಏನು ಕೇಳಬೇಕು? ಪ್ರಶ್ನೆಗಳನ್ನು ಹೇಗೆ ಸಿದ್ಧಪಡಿಸುವುದು?

ಇಡೀ ಕೆಲಸದ ತಿರುಳು ಇಲ್ಲಿದೆ. ಮುಂದೆ ಏನು ಮಾಡುತ್ತೀರಿ ಎಂದು ಕೇಳಬಾರದು, ಹಿಂದೆ ಏನು ಮಾಡಿದಿರಿ ಎಂದು ಕೇಳಬೇಕು. 'ಇಂಥ ಆ್ಯಪ್ ಇದ್ದರೆ ಬಳಸುತ್ತೀರಾ?' ಎಂದು ಕೇಳಿದರೆ ಮನೆಗೆ ಬಂದವರ ಮನಸ್ಸು ನೋಯಿಸದ ಉತ್ತರ ಬರುತ್ತದೆ. ನಮ್ಮ ಕಡೆ ಆ ಉತ್ತರಕ್ಕೆ ಸಿದ್ಧವಾದ ಪದವೇ ಇದೆ, 'ಅಡ್ಡಿಲ್ಲ'. ಚೆನ್ನಾಗಿದೆ, ಪರವಾಗಿಲ್ಲ, ನನಗೇನೂ ಬೇಡ, ನೀವು ಬೇಗ ಎದ್ದರೆ ಸಾಕು ಎಂಬ ಎಲ್ಲ ಅರ್ಥಗಳೂ ಆ ಒಂದು ಪದದಲ್ಲಿ ಅಡಗಬಲ್ಲವು. ಮೊದಲ ಮನೆಯಲ್ಲಿ ಈ ತಪ್ಪನ್ನು ನಾವು ಮಾಡಿದೆವು, ಮೂರು ಸಲ 'ಅಡ್ಡಿಲ್ಲ' ಕೇಳಿಸಿಕೊಂಡು ಸಂತೋಷದಿಂದ ಹಿಂತಿರುಗಿದೆವು. ಪುಸ್ತಕದಲ್ಲಿ ಬರೆದುಕೊಂಡದ್ದನ್ನು ರಾತ್ರಿ ಓದಿದಾಗ ಅದರಲ್ಲಿ ಒಂದು ಘಟನೆಯೂ ಇರಲಿಲ್ಲ.

ಎರಡನೆಯ ಮನೆಯಿಂದ ಪ್ರಶ್ನೆಗಳನ್ನು ಬದಲಿಸಿದೆವು. 'ಕಳೆದ ಮಳೆಗಾಲದಲ್ಲಿ ಮೊದಲ ಮದ್ದು ಯಾವ ದಿನ ಹೊಡೆಸಿದಿರಿ? ಅದಕ್ಕೆ ಮೊದಲು ಅವರು ಯಾವ ದಿನ ಬರುತ್ತೇನೆಂದಿದ್ದರು? ಆ ನಡುವೆ ಏನೇನಾಯಿತು?' ಈ ಪ್ರಶ್ನೆ ಕೇಳಿದೊಡನೆ ಆ ಮನೆಯ ಯಜಮಾನರು ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಳಚಿ ತಂದು ಜೂನ್ ತಿಂಗಳ ಪುಟ ತೆರೆದರು. ಪೆನ್ಸಿಲಿನಲ್ಲಿ 'ಮದ್ದು' ಎಂದು ಮೂರು ಕಡೆ ಬರೆದು ಎರಡನ್ನು ಹೊಡೆದುಹಾಕಿತ್ತು. ಹೊಡೆದುಹಾಕಿದ ಪ್ರತಿಯೊಂದು ದಿನಕ್ಕೂ ಒಂದು ಕಥೆಯಿತ್ತು. ಮೊದಲನೆಯ ಸಲ ಹಿಂದಿನ ರಾತ್ರಿಯೇ ಮೈಲುತುತ್ತ ನೆನೆಹಾಕಿದ್ದರು, ಮದ್ದು ಕಲಸಲು ಇಬ್ಬರು ಆಳುಗಳನ್ನು ಕರೆದಿದ್ದರು, ಬೆಳಗಾದರೆ ಜಡಿಮಳೆ. ಎರಡನೆಯ ಸಲ ಮಳೆ ಇರಲಿಲ್ಲ, ಆದರೆ ಹಿಂದಿನ ತೋಟದ ಕೆಲಸ ಮುಗಿದಿರಲಿಲ್ಲವಾದ್ದರಿಂದ ಕೊನೆಗೌಡರು ಬರಲಿಲ್ಲ. ಆ ಸುದ್ದಿ ತಿಳಿದದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ, ಆಳುಗಳು ಆಸರಿ ಕುಡಿದು ಕುಳಿತ ಮೇಲೆ.

ಮದ್ದಿನ ವಿಷಯ ತಿಳಿಯದವರಿಗೆ ಒಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಮೈಲುತುತ್ತ ಮತ್ತು ಸುಣ್ಣವನ್ನು ಒಮ್ಮೆ ಬೆರೆಸಿದರೆ ಅದೇ ದಿನ ಹೊಡೆದು ಮುಗಿಸಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ಒಮ್ಮೆ, ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯುವುದು ರೂಢಿ. ದಿನ ತಪ್ಪಿದರೆ ಕೂಲಿ ದಂಡ, ತೀರಾ ತಡವಾದರೆ ಕಾಯಿ ಉದುರುವ ಭಯ.

ಈ ವಿವರಗಳಿಂದ ನಮ್ಮ ಮೊದಲ ನಂಬಿಕೆ ಬಿದ್ದಿತು. ಆರರಲ್ಲಿ ಐವರು ಎಷ್ಟೋ ವರ್ಷದಿಂದ ಒಬ್ಬರೇ ಕೊನೆಗೌಡರನ್ನು ಕರೆಯುತ್ತಿದ್ದರು, ಅವರ ನಂಬರ್ ಫೋನಿನಲ್ಲೇ ಇತ್ತು, ಗುರುತಿಲ್ಲದವರನ್ನು ತೋಟಕ್ಕೆ ಹತ್ತಿಸಲು ಅವರು ತಯಾರಿರಲಿಲ್ಲ. 'ಸಿಗುವುದು ಕಷ್ಟ' ಎಂದು ಎಲ್ಲರೂ ಹೇಳುತ್ತಿದ್ದರು, ನಿಜ. ಆ ಮಾತಿನ ಅರ್ಥ 'ಗೊತ್ತುಮಾಡಿದ ದಿನಕ್ಕೆ ಸಿಗುವುದು ಕಷ್ಟ' ಎಂದಾಗಿತ್ತು. ಹುಡುಕಿಕೊಡುವ ಆ್ಯಪ್ ಈ ಕಷ್ಟವನ್ನು ಮುಟ್ಟುತ್ತಲೂ ಇರಲಿಲ್ಲ.

ಕೊನೆಗೌಡರ ಕಡೆಯಿಂದ ಎರಡನೆಯ ನಂಬಿಕೆ ಅಷ್ಟೇ ಬೇಗ ಬಿದ್ದಿತು. ಮೂವರಿಗೂ ಮಾಡಿ ಮುಗಿಸಲಾಗದಷ್ಟು ಕೆಲಸವಿತ್ತು. ಕಳೆದ ಹಂಗಾಮಿನಲ್ಲಿ ಎಷ್ಟು ತೋಟಗಳನ್ನು ಬೇಡವೆಂದಿರಿ ಎಂದು ಕೇಳಿದಾಗ ಒಬ್ಬರು ಬೆರಳು ಮಡಿಸುತ್ತಾ ಎರಡೂ ಕೈ ಮುಗಿಸಿ ನಿಲ್ಲಿಸಿಬಿಟ್ಟರು.

ಚಿತ್ರಗಳನ್ನು ಯಾವಾಗ ತೋರಿಸಬೇಕು?

ಮಾತುಕತೆ ಮುಗಿದ ಮೇಲೆ. ಚಿತ್ರ ಒಮ್ಮೆ ಮೇಜಿನ ಮೇಲೆ ಬಂದರೆ ಮತ್ತೆ ಎಲ್ಲ ಮಾತೂ ಅದರ ಸುತ್ತಲೇ ತಿರುಗುತ್ತದೆ, ತೊಂದರೆಯ ಸುದ್ದಿ ಹಿಂದಕ್ಕೆ ಸರಿಯುತ್ತದೆ. ಸಾಧ್ಯವಾದರೆ ಬೇರೆ ದಿನವೇ ಹೋಗುವುದು ಉತ್ತಮ. ನಾವು ಮೊದಲ ಸುತ್ತಿನಲ್ಲಿ ಮುಕ್ಕಾಲು ಗಂಟೆ ಮಾತು, ಆಮೇಲೆ ಕಾಲು ಗಂಟೆ ಚಿತ್ರ ಎಂದು ಇಟ್ಟುಕೊಂಡೆವು. ತಿದ್ದಿದ ಚಿತ್ರಗಳೊಂದಿಗೆ ಎರಡನೆಯ ಸುತ್ತು ಹೋದೆವು.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಪರದೆಗಳನ್ನು ಬರೆಯುವುದು ಹೇಗೆ?

ಚೌಕ ಎಳೆಯಲು, ಅಕ್ಷರ ಬರೆಯಲು ಬಂದರೆ ಸಾಕು. ಒಂದು ಎ4 ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹರಿದರೆ ಪ್ರತಿ ತುಂಡು ಸುಮಾರು ಹತ್ತೂವರೆ ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದ ಬರುತ್ತದೆ. ಅಗಲದಲ್ಲಿ ಮೂರು ಸೆಂಟಿಮೀಟರ್ ಕತ್ತರಿಸಿದರೆ ಈಗಿನ ಫೋನಿನ ಪರದೆಯ ಅಳತೆಗೆ ಹತ್ತಿರವಾಗುತ್ತದೆ. ಬರೆಯಲು ದಪ್ಪ ಮಾರ್ಕರ್ ಪೆನ್ನು ಬಳಸಬೇಕು. ಬಾಲ್ ಪೆನ್ನು ಹಿಡಿದರೆ ಕೈ ತಾನಾಗಿ ಸಣ್ಣ ಸಣ್ಣ ವಿವರಗಳನ್ನು ತುಂಬಿಸುತ್ತದೆ, ಒಂದು ಪರದೆಯಲ್ಲಿ ಹತ್ತು ಗುಂಡಿಗಳು ಹುಟ್ಟಿಕೊಳ್ಳುತ್ತವೆ. ದಪ್ಪ ಪೆನ್ನಿನಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಸುವುದೇ ಇಲ್ಲ, ಅದೇ ನಮಗೆ ಬೇಕಾದ ಶಿಸ್ತು. ಒತ್ತಿದಾಗ ತೆರೆದುಕೊಳ್ಳುವ ಪಟ್ಟಿ, ಎಚ್ಚರಿಕೆ ಸೂಚನೆ ಮುಂತಾದವನ್ನು ಅಂಟುಚೀಟಿಗಳ ಮೇಲೆ ಬರೆದು ಮೇಲೆ ಅಂಟಿಸಬಹುದು, ತೆಗೆಯಬಹುದು.

ಒಂದು ವಿಷಯದಲ್ಲಿ ಮಾತ್ರ ಸೋಮಾರಿತನ ಮಾಡಬಾರದು. ಪರದೆಯ ಮೇಲಿನ ಊರು, ದಿನ, ಮೊತ್ತ ನಿಜವಾದವುಗಳಂತೆ ಇರಬೇಕು. 'ಹಳ್ಳಿಯ ಹೆಸರು', 'ದಿನಾಂಕ' ಎಂದು ಖಾಲಿ ಬಿಟ್ಟರೆ ನೋಡುವವರು ಸುಮ್ಮನೆ ತಲೆಯಾಡಿಸುತ್ತಾರೆ. ನಾವು 'ಜೂನ್ 12, ಗುರುವಾರ, ಎರಡು ಎಕರೆ' ಎಂದು ಬರೆದಿದ್ದೆವು. ಅದನ್ನು ನೋಡಿದೊಡನೆ ವಾನಳ್ಳಿ ಕಡೆಯವರೊಬ್ಬರು, 'ಎಕರೆ ಲೆಕ್ಕ ಯಾರಿಗೆ ಬೇಕು? ಮರ ಎಷ್ಟು, ದೋಣಿ ಎಷ್ಟು ಮದ್ದು ಹೋಗುತ್ತದೆ, ಅದನ್ನು ಬರೆಯಿರಿ' ಎಂದು ತಿದ್ದಿದರು. ಅವರ ಮನೆಯಲ್ಲಿ ಮದ್ದು ಕಲಸುವ ಡ್ರಮ್ಮಿಗೆ ಇನ್ನೂ ದೋಣಿಯೆಂದೇ ಹೆಸರು. ಖಾಲಿ ಬಿಟ್ಟಿದ್ದರೆ ಈ ತಿದ್ದುಪಡಿ ಹೊರಬರುತ್ತಿರಲಿಲ್ಲ.

ಕಾಗದವನ್ನು ಫೋನ್ ಎಂದುಕೊಳ್ಳಿ ಎಂದರೆ ಹಿರಿಯರು ಒಪ್ಪುತ್ತಾರೆಯೇ? ಕೂರಿಸಿ ನೋಡುವ ಕ್ರಮ ಯಾವುದು?

ನಾವು ಹೆದರಿದ್ದಕ್ಕಿಂತ ಸುಲಭವಾಗಿ ಒಪ್ಪಿದರು. ಇಬ್ಬರು ಹೋಗುವುದು ಅನುಕೂಲ. ಒಬ್ಬರು ಮಾತನಾಡಬೇಕು, ಇನ್ನೊಬ್ಬರು ಫೋನಿನ ಪಾತ್ರ ವಹಿಸಬೇಕು, ಅಂದರೆ ಎದುರಿನವರು ಬೆರಳಿಟ್ಟ ಜಾಗಕ್ಕೆ ತಕ್ಕ ಮುಂದಿನ ಹಾಳೆಯನ್ನು ತುಟಿಪಿಟಕ್ಕೆನ್ನದೆ ಮುಂದಿಡಬೇಕು. ಫೋನ್ ಆದವರು ವಿವರಣೆ ಕೊಡುವಂತಿಲ್ಲ, ಏಕೆಂದರೆ ನಿಜವಾದ ಫೋನ್ ಕೊಡುವುದಿಲ್ಲ. ಮೂರನೆಯವರಿದ್ದರೆ ಬರೆದುಕೊಳ್ಳಲಿ. ನಮ್ಮಲ್ಲಿ ಮೂರನೆಯವರಿಲ್ಲದ್ದರಿಂದ ಮಾತನಾಡುವವರೇ ಬರೆದುಕೊಂಡೆವು, ಅದರಿಂದ ಒಂದಷ್ಟು ತಪ್ಪಿಯೂ ಹೋಯಿತು.

ಮಾಡಬೇಕಾದ ಕೆಲಸವನ್ನು ಹೇಳುವಾಗ ಪರದೆಯ ಮೇಲಿರುವ ಪದವನ್ನು ಬಾಯಲ್ಲಿ ಆಡಬಾರದು. ಗುಂಡಿಯ ಮೇಲೆ 'ದಿನ ಬದಲಿಸಿ' ಎಂದಿದ್ದರೆ, 'ದಿನ ಬದಲಿಸಿ ನೋಡೋಣ' ಎಂದು ಹೇಳಿದಾಗ ಅವರು ಅಕ್ಷರ ಹುಡುಕಿ ಒತ್ತುತ್ತಾರೆ, ಅರ್ಥವಾಗಿ ಒತ್ತುವುದಿಲ್ಲ. 'ನಾಳೆ ಮನೆಯಲ್ಲಿ ಶ್ರಾದ್ಧ ಇದೆ ಎಂದು ಈಗ ನೆನಪಾಯಿತು, ಏನು ಮಾಡುತ್ತೀರಿ?' ಎಂದು ಸಂದರ್ಭವನ್ನಷ್ಟೇ ಕೊಡಬೇಕು. ಹಾಗೆ ಕೇಳಿದಾಗ ನಾಲ್ವರು ಕಾಗದದ ಮೇಲೆ ಏನನ್ನೂ ಒತ್ತದೆ, 'ಫೋನ್ ಮಾಡಿ ಹೇಳುತ್ತೇನೆ' ಎಂದರು. ಅದೂ ಒಂದು ಫಲಿತಾಂಶವೇ. ಎದುರಿನವರು ಮೌನವಾದಾಗ ಸಹಾಯಕ್ಕೆ ಧಾವಿಸುವ ಚಪಲವನ್ನು ತಡೆದುಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಆಮೇಲೂ ಕೇಳಬೇಕಾದದ್ದು 'ಈಗ ಏನು ಯೋಚಿಸುತ್ತಿದ್ದೀರಿ?' ಎಂದಷ್ಟೇ.

ಕೊನೆಗೌಡರೊಬ್ಬರ ಜಗುಲಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವರ ಪರದೆಯಲ್ಲಿ ತೋಟದವರು ಕೊಟ್ಟ ಐದು ನಕ್ಷತ್ರಗಳ ಸಾಲನ್ನು ಬರೆದಿದ್ದೆವು. ಅದರ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಕೆಲಸ ಹೇಗಿತ್ತೆಂದು ತೋಟದವರು ಕೊಡುವ ಗುರುತು ಎಂದೆವು. 'ಹಾಗಾದರೆ ಆಳಿಗೆ ಹೊತ್ತಿಗೆ ಸರಿಯಾಗಿ ಚಹಾ ಕೊಡದವರಿಗೆ ನಾನೂ ನಕ್ಷತ್ರ ಕೊಡಬಹುದೋ?' ಎಂದು ನಕ್ಕರು. ಆಮೇಲೆ ಆ ಹಾಳೆಯನ್ನು ಮಗುಚಿ, ನಮ್ಮ ಮಾರ್ಕರನ್ನೇ ಕೇಳಿ ತೆಗೆದುಕೊಂಡು, ಹಿಂಬದಿಯಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದರು. ಗೆರೆಯುದ್ದಕ್ಕೂ ಒಂದೊಂದು ಚುಕ್ಕೆ ಇಟ್ಟು ಪ್ರತಿ ಚುಕ್ಕೆಗೂ ಒಂದು ಮನೆಯ ಹೆಸರು ಹೇಳಿದರು. ಹಳ್ಳದ ಮೇಲಿನ ತೋಟದಿಂದ ಶುರುಮಾಡಿ ಕೆಳಗಿನವರೆಗೆ ಅವರು ಕೆಲಸ ಮಾಡಿಕೊಂಡು ಹೋಗುವ ಸರದಿ ಅದು, ಪಂಪು ಮತ್ತು ಪೈಪನ್ನು ಹೊತ್ತು ಸಾಗಿಸಲು ಆ ಸರದಿಯೇ ಸುಲಭ. ಒಂದು ದಿನ ಮಳೆ ಬಂದರೆ ಗೆರೆಯ ಮೇಲಿನ ಎಲ್ಲ ಚುಕ್ಕೆಗಳೂ ಒಂದು ದಿನ ಕೆಳಗೆ ಜರುಗುತ್ತವೆ. ಅವರ ಲೆಕ್ಕದಲ್ಲಿ ತಾರೀಖು ಎಂಬುದೇ ಇರಲಿಲ್ಲ, ಸರದಿ ಇತ್ತು. ತೋಟದವರ ಲೆಕ್ಕದಲ್ಲಿ ಸರದಿ ಇರಲಿಲ್ಲ, ಗೋಡೆಯ ಕ್ಯಾಲೆಂಡರಿನ ತಾರೀಖು ಇತ್ತು. ನಮ್ಮ ಪರದೆಗಳೆಲ್ಲವೂ ತಾರೀಖಿನ ಮೇಲೆ ನಿಂತಿದ್ದವು.

ಆ ಹಾಳೆ ಈಗಲೂ ನನ್ನ ಬಳಿ ಇದೆ. ಮುಂದಿನ ಬದಿಯಲ್ಲಿ ನಮ್ಮ ನಕ್ಷತ್ರಗಳು, ಹಿಂದಿನ ಬದಿಯಲ್ಲಿ ಅವರ ಗೆರೆ.

ಫಿಗ್ಮಾದಂಥ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಒಂದೇ ಸಂಜೆಯಲ್ಲಿ ಚಂದದ ಪರದೆಗಳನ್ನು ಮಾಡಬಹುದಲ್ಲ, ಕಾಗದ ಏಕೆ?

ಮೇಲಿನ ಪ್ರಸಂಗವೇ ಉತ್ತರ. ಹೊಳೆಯುವ ಪರದೆಯನ್ನು ಮಗುಚಿ ಯಾರೂ ಹಿಂಬದಿಯಲ್ಲಿ ಬರೆಯುವುದಿಲ್ಲ. ಮುಗಿದ ಕೆಲಸದಂತೆ ಕಾಣುವುದನ್ನು ಟೀಕಿಸಲು ಜನ ಹಿಂಜರಿಯುತ್ತಾರೆ, ಟೀಕಿಸಿದರೂ ಬಣ್ಣದ ಬಗ್ಗೆ, ಅಕ್ಷರದ ಬಗ್ಗೆ ಹೇಳುತ್ತಾರೆ. ನಮ್ಮ ಕಡೆಯಿಂದಲೂ ಅಷ್ಟೇ, ಮೂರು ಗಂಟೆ ಕುಳಿತು ಮಾಡಿದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ. ಮೂಲ ಕ್ರಮ ಸರಿಯಿದೆ ಎಂದು ಕಾಗದದಲ್ಲಿ ಗೊತ್ತಾದ ಮೇಲೆ, ಅಕ್ಷರದ ಗಾತ್ರ, ಗುಂಡಿಯ ಜಾಗ ಮುಂತಾದವನ್ನು ನೋಡಲು ಫಿಗ್ಮಾ ಧಾರಾಳವಾಗಿ ಬಳಸಬಹುದು.

ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳಬಹುದೇ?

ಕೇಳಿ, ಒಪ್ಪಿದರೆ ಮಾತ್ರ. ಕೂಲಿಯ ದರದ ಮಾತು ಬಂದಾಗ ಒಬ್ಬರು ಫೋನನ್ನು ಬದಿಗಿಡಲು ಹೇಳಿದರು, ನಾವು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆಯೇ ಮುಂದುವರಿಸಿದರು. ಒಬ್ಬರ ಮನೆಯಲ್ಲಿ ಕೇಳಿದ ದರವನ್ನು ಇನ್ನೊಬ್ಬರ ಮನೆಯಲ್ಲಿ ಆಡಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಂದ ಉತ್ತರಗಳನ್ನು ತೂಗಿ ನೋಡುವುದು ಹೇಗೆ?

ಅದೇ ದಿನ ರಾತ್ರಿ, ಮರೆಯುವ ಮೊದಲು ಮಾಡಬೇಕು. ನಾವು ಒಂದು ದೊಡ್ಡ ಹಾಳೆಯಲ್ಲಿ ಮೂರು ನಂಬಿಕೆಗಳಿಗೆ ಮೂರು ಅಡ್ಡಸಾಲು, ಒಂಬತ್ತು ಜನರಿಗೆ ಒಂಬತ್ತು ಕಂಬಸಾಲು ಹಾಕಿ ಪ್ರತಿ ಚೌಕದಲ್ಲಿ ಅವರು ಆಡಿದ ಮಾತನ್ನೇ ಬರೆದೆವು. 'ಆಸಕ್ತಿ ತೋರಿಸಿದರು' ಎಂಬಂಥ ನಮ್ಮ ಸಾರಾಂಶವನ್ನು ಬರೆಯಬಾರದೆಂದು ಕಟ್ಟಳೆ ಹಾಕಿಕೊಂಡೆವು. ನಡೆದ ಘಟನೆಗೆ ನೀಲಿ ಗೆರೆ, ಬರೀ ಅಭಿಪ್ರಾಯಕ್ಕೆ ಪೆನ್ಸಿಲ್ ಗೆರೆ. ಮೂರನೆಯ ನಂಬಿಕೆಯ ಸಾಲು ಬೇಗ ತುಂಬಿತು: ಕಣಿವೆಯ ತೋಟದೊಳಗೆ ಸಿಗ್ನಲ್ ಇಲ್ಲ, ಮರದ ಮೇಲಿರುವವರ ಕೈ ಮದ್ದಿನಲ್ಲಿ ಒದ್ದೆ, ಫೋನ್ ಇರುವುದು ಕಟ್ಟೆಯ ಮೇಲಿನ ಚೀಲದಲ್ಲಿ. ಮೂವರು ಕೊನೆಗೌಡರಲ್ಲಿ ಇಬ್ಬರದು ಗುಂಡಿಯ ಫೋನ್. ಬನವಾಸಿ ಕಡೆಯ ಇಬ್ಬರು ತೋಟದವರ ಉತ್ತರ ಮಾತ್ರ ಬೇರೆಯಾಗಿತ್ತು. ಸಮತಟ್ಟಿನಲ್ಲಿ ಸಿಗ್ನಲ್ ಸಿಗುತ್ತಿತ್ತು, ಹೊಸ ತೋಟದ ಒಬ್ಬರಿಗೆ ಕೊನೆಗೌಡರನ್ನು ಹುಡುಕುವುದೇ ನಿಜವಾದ ಕಷ್ಟವಾಗಿತ್ತು. ಆ ಒಬ್ಬರನ್ನು ಹಿಡಿದುಕೊಂಡು ಹಳೆಯ ಯೋಜನೆಯನ್ನು ಉಳಿಸಿಕೊಳ್ಳಲು ನನ್ನ ಗೆಳೆಯ ಒಂದು ದಿನವಿಡೀ ವಾದಿಸಿದ. ಮೊದಲೇ ಬರೆದಿಟ್ಟ ಗೆರೆ ಇಲ್ಲದಿದ್ದರೆ ನಾನೂ ಒಪ್ಪಿಬಿಡುತ್ತಿದ್ದೆ.

ಎರಡನೆಯ ಸುತ್ತಿನಲ್ಲಿ ಏನು ಬದಲಾಯಿತು?

ಹುಡುಕಾಟ, ನಕ್ಷತ್ರ, ಬುಕಿಂಗ್ ಎಲ್ಲವನ್ನೂ ತೆಗೆದು ಒಂದೇ ಪರದೆ ಬರೆದೆವು. ಕೊನೆಗೌಡರ ಸರದಿಯ ಪಟ್ಟಿ, ಅದರಲ್ಲಿ ನಿಮ್ಮ ಮನೆ ಎಲ್ಲಿದೆ ಎಂಬ ಗುರುತು, ಮಳೆಯಿಂದ ಸರದಿ ಜರುಗಿದರೆ ಎಲ್ಲರಿಗೂ ಸೂಚನೆ. ಹೊಸಬರು ಮೂವರು ತೋಟದವರಿಗೆ ತೋರಿಸಿದಾಗ ಒಂದೇ ನೋಟಕ್ಕೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಗೆ ಕಾರಣವಾಯಿತು. 'ಅವರ ತೋಟ ನಮಗಿಂತ ಮೊದಲು ಹೇಗೆ ಬಂತು? ಹೋದ ವರ್ಷ ನಮ್ಮದೇ ಮೊದಲಿತ್ತು' ಎಂದು ಒಬ್ಬರು ಕಾಗದದ ಪಟ್ಟಿಯ ಮೇಲೆಯೇ ಜಗಳ ತೆಗೆದರು. ಇದನ್ನು ಕೊನೆಗೌಡರಿಗೆ ತಿಳಿಸಿದಾಗ, ಪಟ್ಟಿ ಎಲ್ಲರಿಗೂ ಕಾಣುವುದಾದರೆ ತಾವು ಇದರಲ್ಲಿ ಇರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅಲ್ಲೇ ಕುಳಿತು ಹೆಸರುಗಳ ಮೇಲೆ ಅಂಟುಚೀಟಿ ಹಚ್ಚಿ 'ನಿಮ್ಮ ಮುಂದೆ ಇನ್ನು ಎರಡು ತೋಟ' ಎಂದು ಬರೆದೆವು. ತಿದ್ದುಪಡಿಗೆ ಹಿಡಿದದ್ದು ಒಂದು ನಿಮಿಷ.

ಜನ ದುಡ್ಡು ಕೊಡುತ್ತಾರೆಯೇ ಎಂಬುದು ಕಾಗದದಿಂದ ತಿಳಿಯುತ್ತದೆಯೇ?

'ಎಷ್ಟು ಕೊಡುತ್ತೀರಿ?' ಎಂಬ ಪ್ರಶ್ನೆಯಿಂದ ತಿಳಿಯುವುದಿಲ್ಲ. ಈಗ ಆ ತೊಂದರೆಗೆ ಎಷ್ಟು ತೆರುತ್ತಿದ್ದಾರೆ ಎಂಬುದನ್ನು ಲೆಕ್ಕಹಾಕಿದರೆ ಮೇಲ್ಮಿತಿ ಸಿಗುತ್ತದೆ. ನಮ್ಮ ಪ್ರಸಂಗದಲ್ಲಿ ಅದು ತಪ್ಪಿದ ಪ್ರತಿ ದಿನಕ್ಕೆ ಇಬ್ಬರು ಆಳುಗಳ ಅರ್ಧ ದಿನದ ಕೂಲಿ. ಇನ್ನೊಂದು ದಾರಿಯೆಂದರೆ ಹೊಗಳಿಕೆಯ ಬದಲು ಏನಾದರೂ ಸಣ್ಣ ಹೊಣೆಯನ್ನು ಕೇಳುವುದು. 'ನಿಮ್ಮ ಕೊನೆಗೌಡರಿಗೆ ಈಗಲೇ ಫೋನ್ ಮಾಡಿ ನಮ್ಮ ಬಗ್ಗೆ ಹೇಳುತ್ತೀರಾ?' ಎಂದು ನಾವು ಕೇಳಿದೆವು. 'ಅಡ್ಡಿಲ್ಲ' ಎಂದವರಲ್ಲಿ ಇಬ್ಬರು ಆಗಲೇ ಫೋನ್ ತೆಗೆದರು, ಉಳಿದವರಿಗೆ ಬೇರೆ ಕೆಲಸ ನೆನಪಾಯಿತು. ಆ ಇಬ್ಬರ ಮಾತಿಗೆ ಮಾತ್ರ ನಾವು ತೂಕ ಕೊಟ್ಟೆವು.

ಕಾಗದದಿಂದ ತಿಳಿಯದೇ ಉಳಿಯುವುದು ಏನು?

ಸೂಚನೆ ಎಷ್ಟು ಬೇಗ ತಲಪುತ್ತದೆ, ಸಿಗ್ನಲ್ ಇಲ್ಲದಾಗ ಏನಾಗುತ್ತದೆ, ಫೋನ್ ನಿಧಾನವಾದರೆ ಜನ ಕಾಯುತ್ತಾರೆಯೇ ಎಂಬುದು ಕಾಗದಕ್ಕೆ ತಿಳಿಯದು. ಅದಕ್ಕಿಂತ ದೊಡ್ಡ ಮಿತಿ ಅಭ್ಯಾಸದ್ದು. ಕಾಲು ಗಂಟೆ ನಮ್ಮೆದುರು ಕುಳಿತು ಕಾಗದ ಒತ್ತಿದ ಕೊನೆಗೌಡರು, ಹಗಲಿಡೀ ಮರ ಹತ್ತಿ ಇಳಿದು ಬಂದ ರಾತ್ರಿ ಸರದಿಯನ್ನು ಬದಲಿಸಲು ನೆನಪಿಟ್ಟುಕೊಳ್ಳುತ್ತಾರೆಯೇ ಎಂಬುದನ್ನು ಯಾವ ಚಿತ್ರವೂ ಹೇಳಲಾರದು. ಅವರು ಬದಲಿಸದಿದ್ದರೆ ಇಡೀ ವ್ಯವಸ್ಥೆ ಸುಳ್ಳು ಹೇಳುತ್ತದೆ, ಸುಳ್ಳು ಸೂಚನೆ ಇಲ್ಲದ ಸೂಚನೆಗಿಂತ ಕೆಟ್ಟದ್ದು.

ಇದನ್ನು ತಿಳಿಯಲು ಕೋಡ್ ಇಲ್ಲದೆಯೇ ಇನ್ನೊಂದು ಹೆಜ್ಜೆ ಇಡಬಹುದು. ಆ್ಯಪ್ ಮಾಡಬೇಕಾದ ಕೆಲಸವನ್ನು ಒಂದು ಹಂಗಾಮು ಕೈಯಿಂದಲೇ ಮಾಡುವುದು. ನಾವು ಒಬ್ಬರೇ ಕೊನೆಗೌಡರನ್ನು, ಅವರ ಸರದಿಯ ಹನ್ನೊಂದು ತೋಟಗಳನ್ನು ಇಟ್ಟುಕೊಂಡೆವು. ಪ್ರತಿದಿನ ಸಂಜೆ ಏಳೂವರೆಗೆ ನಾವೇ ಅವರಿಗೆ ಫೋನ್ ಮಾಡಿ ಇವತ್ತು ಎಲ್ಲಿಗೆ ಮುಗಿಯಿತೆಂದು ಕೇಳುತ್ತಿದ್ದೆವು, ನೋಟ್‌ಬುಕ್ಕಿನಲ್ಲಿ ಸರದಿ ತಿದ್ದುತ್ತಿದ್ದೆವು, ಎಂಟು ಗಂಟೆಯೊಳಗೆ ಮುಂದಿನ ಮೂರು ಮನೆಗಳಿಗೆ ಎಸ್ಎಂಎಸ್ ಕಳಿಸುತ್ತಿದ್ದೆವು.

ಕೊನೆಗೆ ಆ್ಯಪ್ ಆಯಿತೇ?

ಆಗಲಿಲ್ಲ. ಹಂಗಾಮು ಮುಗಿದಾಗ ನೋಟ್‌ಬುಕ್ಕಿನಲ್ಲಿ ಕಂಡದ್ದು ಹೀಗಿತ್ತು: ಸಂಜೆಯ ಫೋನ್ ನಾವು ಮಾಡಿದ ದಿನ ಸುದ್ದಿ ಸರಿಯಾಗಿರುತ್ತಿತ್ತು, ಅವರೇ ಮಾಡಲಿ ಎಂದು ಬಿಟ್ಟ ಆರು ದಿನಗಳಲ್ಲಿ ಒಂದೇ ದಿನ ಅವರಿಂದ ಫೋನ್ ಬಂದಿತ್ತು. ಅಂದರೆ ನಿಜವಾಗಿ ಬೇಕಾದದ್ದು ಸಂಜೆಯಾದೊಡನೆ ಅವರನ್ನು ಕೇಳುವ ಒಂದು ದನಿ ಮತ್ತು ಮೂರು ಎಸ್ಎಂಎಸ್. ತೋಟದವರ ಕಡೆಗೆ ಆ್ಯಪಿನ ಅಗತ್ಯವೇ ಇರಲಿಲ್ಲ. ಈಗ ನಾವು ಮಾಡುತ್ತಿರುವುದು ತಾನಾಗಿ ಕರೆಮಾಡಿ, 'ಇವತ್ತು ಎಷ್ಟು ತೋಟ ಮುಗಿಯಿತು?' ಎಂದು ಕೇಳಿ, ಗುಂಡಿಯ ಫೋನಿನಲ್ಲಿ ಒತ್ತಿದ ಅಂಕಿಯನ್ನು ತೆಗೆದುಕೊಳ್ಳುವ ಸಣ್ಣ ವ್ಯವಸ್ಥೆ. ಅದಕ್ಕೂ ಮೊದಲು ಕಾಗದ ಬಳಸಿದೆವು. ನನ್ನ ಗೆಳೆಯ ಪಕ್ಕದ ಕೋಣೆಯಲ್ಲಿ ಕುಳಿತು ಯಂತ್ರದ ದನಿಯಲ್ಲಿ ಬರೆದಿಟ್ಟ ಸಾಲುಗಳನ್ನು ಓದಿದ, ಕೊನೆಗೌಡರು ಜಗುಲಿಯಲ್ಲಿ ಫೋನ್ ಹಿಡಿದು ಕೇಳಿದರು. 'ಒಂದು ಒತ್ತಿ' ಎಂದಾಗ ಅವರು ಫೋನನ್ನು ಕಿವಿಯಿಂದ ತೆಗೆದು ಗುಂಡಿ ಹುಡುಕುವಷ್ಟರಲ್ಲಿ ಮುಂದಿನ ಸಾಲು ಓದಿ ಮುಗಿದಿತ್ತು. ಮುಂದಿನ ಕರಡಿನಲ್ಲಿ ಪ್ರತಿ ಪ್ರಶ್ನೆಯ ನಂತರ ಎಂಟು ಸೆಕೆಂಡು ಬಿಟ್ಟಿದ್ದೇವೆ.